ಯೋಜನೆಯಲ್ಲಿ ಬರೆದ ಮಾತಿಗೆ ಕಾಗದ ಎಲ್ಲಿದೆ? ಹೂಡಿಕೆದಾರರ ಪರಿಶೀಲನೆಗೆ ಮುಂಚಿತವಾಗಿ ಸಿದ್ಧರಾಗುವ ಬಗೆ

ತುಮಕೂರಿನ ಒಂದು ಸಣ್ಣ ಕಂಪನಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಅದು ರಾಗಿ ಮಾಲ್ಟ್ ಮತ್ತು ಸಿರಿಧಾನ್ಯದ ದೋಸೆ ಹಿಟ್ಟಿನ ಪುಡಿಗಳನ್ನು ತಯಾರಿಸುತ್ತದೆ. ಮೊದಲು ಒಬ್ಬರ ಸ್ವಂತ ವ್ಯವಹಾರವಾಗಿದ್ದು, ಮೂರು ವರ್ಷಗಳ ಹಿಂದೆ ಪ್ರೈವೇಟ್ ಲಿಮಿಟೆಡ್ ಆಯಿತು. ಈಗ ಒಂದೂವರೆ ಕೋಟಿ ರೂಪಾಯಿ ಬಂಡವಾಳಕ್ಕಾಗಿ ಇಪ್ಪತ್ತು ಪುಟಗಳ ಯೋಜನೆಯೊಂದನ್ನು ಹೂಡಿಕೆದಾರರ ಮುಂದಿಟ್ಟಿದೆ. ಅವರು ಮೆಚ್ಚಿ, ಹೂಡಿಕೆಯ ಮುಖ್ಯ ಷರತ್ತುಗಳನ್ನು ಬರೆದ ಟರ್ಮ್ ಶೀಟ್‌ಗೆ ಸಹಿಯನ್ನೂ ಹಾಕಿದ್ದಾರೆ. ಇಲ್ಲಿಗೆ ಹಣ ಬಂದಂತೆಯೇ ಎಂದು ಅನೇಕರು ತಿಳಿಯುತ್ತಾರೆ. ಆದರೆ ಟರ್ಮ್ ಶೀಟ್‌ನಲ್ಲಿ ಗೋಪ್ಯತೆ ಹಾಗೂ ನಿಗದಿತ ಅವಧಿಯವರೆಗೆ ಬೇರೆ ಹೂಡಿಕೆದಾರರೊಡನೆ ಮಾತುಕತೆ ನಡೆಸಬಾರದೆಂಬ ಷರತ್ತುಗಳನ್ನು ಬಿಟ್ಟರೆ ಉಳಿದದ್ದು ಸಾಮಾನ್ಯವಾಗಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಅದಾದ ಮೇಲೆ ಶುರುವಾಗುವುದೇ ಡ್ಯೂ ಡಿಲಿಜೆನ್ಸ್, ಅಂದರೆ ಯೋಜನೆಯಲ್ಲಿ ಬರೆದ ಒಂದೊಂದು ಮಾತಿಗೂ ಆಧಾರ ಕೇಳುವ ಹಂತ. ಮಾತಿಗೂ ಕಾಗದಕ್ಕೂ ತಾಳೆಯಾಗದಿದ್ದರೆ ಹೂಡಿಕೆದಾರರು ಕಂಪನಿಯ ಬೆಲೆಯನ್ನು ತಗ್ಗಿಸಬಹುದು, ಹಣ ಕೊಡುವ ಮುನ್ನ ಪೂರೈಸಬೇಕಾದ ಷರತ್ತುಗಳನ್ನು ಹೇರಬಹುದು, ಇಲ್ಲವೇ ಹಿಂದೆ ಸರಿಯಬಹುದು.

ಹೀಗಾಗಿ ಈ ಪ್ರಶ್ನೆಗಳನ್ನು ಅವರಿಗಿಂತ ಮೊದಲು ನಾವೇ ಕೇಳಿಕೊಳ್ಳುವುದು ಹೇಗೆ ಎಂಬುದನ್ನು ಇದೇ ಕಂಪನಿಯ ಉದಾಹರಣೆಯಲ್ಲಿ ಹಂತಹಂತವಾಗಿ ನೋಡೋಣ.

ಮೊದಲ ಹಂತ: ಯೋಜನೆಯ ಹೇಳಿಕೆಗಳ ಕೆಳಗೆ ಗೆರೆ ಎಳೆಯುವುದು

ಯೋಜನೆಯ ಮುದ್ರಿತ ಪ್ರತಿಯನ್ನು ಇಟ್ಟುಕೊಂಡು, ಹೊರಗಿನವರೊಬ್ಬರು “ಇದು ನಿಜವೆಂದು ಹೇಗೆ ಗೊತ್ತು?” ಎಂದು ಕೇಳಬಹುದಾದ ಪ್ರತಿ ವಾಕ್ಯದ ಕೆಳಗೂ ಗೆರೆ ಎಳೆಯಿರಿ. ಅನಂತರ ಒಂದು ಹಾಳೆಯಲ್ಲಿ ಮೂರು ಅಂಕಣ ಮಾಡಿ: ಹೇಳಿಕೆ, ಅದಕ್ಕೆ ಆಧಾರವಾದ ಕಾಗದ, ಆ ಕಾಗದವನ್ನು ತಯಾರಿಸಿದವರು. ಮೂರನೆಯ ಅಂಕಣವೇ ಇಲ್ಲಿ ಮುಖ್ಯವಾದದ್ದು. ಬ್ಯಾಂಕಿನ ಸ್ಟೇಟ್‌ಮೆಂಟ್, ಆನ್‌ಲೈನ್ ಮಾರಾಟತಾಣ ಕಳುಹಿಸಿದ ಪಾವತಿ ವಿವರ, ಸರ್ಕಾರಿ ಪೋರ್ಟಲ್‌ನಿಂದ ಇಳಿಸಿಕೊಂಡ ರಿಟರ್ನ್ ಇವೆಲ್ಲ ಹೊರಗಿನವರ ಕೈಯಿಂದ ಬಂದವು, ಅಥವಾ ಹೊರಗಿನವರಲ್ಲಿ ಪ್ರತಿಯಿರುವಂಥವು. ಆಡಿಟ್ ಆದ ಲೆಕ್ಕಪತ್ರವನ್ನು ಹೊರಗಿನವರು ಪರೀಕ್ಷಿಸಿರುತ್ತಾರೆ. ನಾವೇ ಮಾಡಿದ ಎಕ್ಸೆಲ್ ಹಾಳೆಗೆ ಇವೆರಡರ ಬಲವೂ ಇಲ್ಲ. ಅದು ಯೋಜನೆಯ ಹೇಳಿಕೆಯನ್ನೇ ಮತ್ತೊಂದು ರೂಪದಲ್ಲಿ ಹೇಳುತ್ತದೆ, ಅಷ್ಟೆ. ಆಧಾರದ ಅಂಕಣದಲ್ಲಿ ಬರೀ ಎಕ್ಸೆಲ್ ಇರುವ ಹೇಳಿಕೆಗಳು ಎಷ್ಟಿವೆ ಎಂದು ಎಣಿಸಿದರೆ ಮುಂದಿನ ಕೆಲಸ ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ.

ಎರಡನೆಯ ಹಂತ: ಮಾರಾಟದ ಅಂಕಿಯನ್ನು ತಾಳೆ ಹಾಕುವುದು

ಹೆಚ್ಚಿನ ಸಮಯ ಮೀಸಲಿಡಬೇಕಾದದ್ದು ಇಲ್ಲಿ. ನಮ್ಮ ಕಂಪನಿಯ ಯೋಜನೆಯ ಎರಡನೆಯ ಪುಟದಲ್ಲಿ “2024–25ರಲ್ಲಿ 2.40 ಕೋಟಿ ರೂಪಾಯಿ ಮಾರಾಟ” ಎಂದಿದೆ. ಹೂಡಿಕೆದಾರರ ಲೆಕ್ಕಿಗರು ಇದಕ್ಕೆ ಮೂರು ಕಡೆಗಳಿಂದ ಆಧಾರ ಕೇಳುತ್ತಾರೆ: ಆಡಿಟ್ ಆದ ಲಾಭ–ನಷ್ಟದ ಪಟ್ಟಿ, ತಿಂಗಳುವಾರು ಜಿಎಸ್‌ಟಿ ರಿಟರ್ನ್‌ಗಳು, ಬ್ಯಾಂಕ್ ಸ್ಟೇಟ್‌ಮೆಂಟ್. ನಮ್ಮ ಕಂಪನಿಯಲ್ಲಿ ಈ ಮೂರೂ ಕ್ರಮವಾಗಿ 1.77 ಕೋಟಿ, 1.95 ಕೋಟಿ ಮತ್ತು 1.45 ಕೋಟಿ ತೋರಿಸುತ್ತಿವೆ. ಒಂದೇ ವರ್ಷದ ಮಾರಾಟಕ್ಕೆ ನಾಲ್ಕು ಅಂಕಿಗಳು! ಇಲ್ಲಿ ಮೋಸವೇನೂ ನಡೆದಿಲ್ಲ. ಆದರೆ ವಿವರಣೆಯನ್ನು ಮೊದಲೇ ಬರೆದಿಟ್ಟಿರದಿದ್ದರೆ ಮೋಸದಂತೆಯೇ ಕಾಣುತ್ತದೆ.

ಮೊದಲು 2.40 ಕೋಟಿ ಎಲ್ಲಿಂದ ಬಂತೆಂದು ನೋಡಬೇಕು. ಕಂಪನಿಯವರು ಗೋದಾಮಿನಿಂದ ಹೊರಟ ಪೊಟ್ಟಣಗಳ ಸಂಖ್ಯೆಯನ್ನು ಎಂಆರ್‌ಪಿಯಿಂದ ಗುಣಿಸಿದ್ದರು. ಆ ಹಣ ಪೂರ್ತಿಯಾಗಿ ಕಂಪನಿಗೆ ಸೇರುವುದಿಲ್ಲ. ಅಂಗಡಿಗಳ ಮೂಲಕ ಹೋದ 1.10 ಕೋಟಿಯಷ್ಟು ಸರಕಿನ ಮೇಲೆ ವಿತರಕರಿಗೂ ಚಿಲ್ಲರೆ ವ್ಯಾಪಾರಿಗಳಿಗೂ ಸೇರಿ ಶೇಕಡ 30ರ ಮಾರ್ಜಿನ್ ಇದೆ. ಅದು 33 ಲಕ್ಷ. ಆನ್‌ಲೈನ್ ರಿಯಾಯಿತಿಗಳು 12 ಲಕ್ಷ. ಅವಧಿ ಮುಗಿದು ಅಥವಾ ಪೊಟ್ಟಣ ಹರಿದು ಹಿಂದಿರುಗಿದ್ದು 9 ಲಕ್ಷ. ಇವನ್ನು ಕಳೆದರೆ 1.86 ಕೋಟಿ ಉಳಿಯುತ್ತದೆ. ಅದರೊಳಗೆ ಸೇರಿಕೊಂಡಿರುವ ಜಿಎಸ್‌ಟಿ, ಶೇಕಡ 5ರ ದರದಲ್ಲಿ ಸುಮಾರು 9 ಲಕ್ಷ, ಸರ್ಕಾರದ್ದು. ಉಳಿದ 1.77 ಕೋಟಿಯೇ ಕಂಪನಿಯ ನಿಜವಾದ ಆದಾಯ, ಆಡಿಟರ್ ತೋರಿಸಿದ್ದೂ ಇದನ್ನೇ.

ಜಿಎಸ್‌ಟಿ ರಿಟರ್ನ್‌ಗಳು 18 ಲಕ್ಷ ಹೆಚ್ಚು ತೋರಿಸಲು ಬೇರೆಯೇ ಕಾರಣವಿದೆ. ಆನ್‌ಲೈನ್ ಮಾರಾಟತಾಣದ ತಮಿಳುನಾಡಿನ ಗೋದಾಮಿನಲ್ಲಿ ಸರಕು ಇಡಲು ಕಂಪನಿಯು ಅಲ್ಲಿ ಪ್ರತ್ಯೇಕ ಜಿಎಸ್‌ಟಿ ನೋಂದಣಿ ಮಾಡಿಸಿತ್ತು. ಒಂದೇ ಪ್ಯಾನ್ ಇದ್ದರೂ ಎರಡು ರಾಜ್ಯಗಳ ನೋಂದಣಿಗಳನ್ನು ಜಿಎಸ್‌ಟಿ ಕಾಯ್ದೆ ಬೇರೆ ಬೇರೆ ವ್ಯಕ್ತಿಗಳೆಂದೇ ಪರಿಗಣಿಸುತ್ತದೆ. ಆದ್ದರಿಂದ ತುಮಕೂರಿನಿಂದ ಅಲ್ಲಿಗೆ ಸಾಗಿಸಿದ ಸರಕೂ ರಿಟರ್ನ್‌ನಲ್ಲಿ ಪೂರೈಕೆಯೆಂದೇ ನಮೂದಾಗುತ್ತದೆ. ಲೆಕ್ಕಪತ್ರದಲ್ಲಿ ಮಾತ್ರ ಅದು ಮಾರಾಟವಲ್ಲ, ಸ್ವಂತ ಸರಕನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸಾಗಿಸಿದ ಹಾಗೆ. ಇದು 15 ಲಕ್ಷ. ಇನ್ನುಳಿದ 3 ಲಕ್ಷ ಮಾರ್ಚ್‌ನಲ್ಲಿ ಹಿಂದಿರುಗಿದ ಸರಕಿನದು. ಲೆಕ್ಕಪತ್ರದಲ್ಲಿ ಅದನ್ನು ಮಾರ್ಚ್‌ನಲ್ಲೇ ಕಳೆದಿದ್ದಾರೆ, ಆದರೆ ಹಿಂದಿರುಗಿದ ಸರಕಿನ ಮೊತ್ತವನ್ನು ಬಿಲ್ಲಿನಿಂದ ಕಳೆಯುವ ಕ್ರೆಡಿಟ್ ನೋಟ್ ಏಪ್ರಿಲ್‌ನಲ್ಲಿ ಬಿದ್ದುದರಿಂದ ರಿಟರ್ನ್‌ನಲ್ಲಿ ಅದು ಮುಂದಿನ ವರ್ಷಕ್ಕೆ ಹೋಯಿತು.

ಬ್ಯಾಂಕಿನ ಅಂಕಿ ಕಡಿಮೆ ಇರುವುದು ಸಹಜ. ಮಾರಾಟತಾಣವು ತನ್ನ ಕಮಿಷನ್, ಸಾಗಣೆ ಮತ್ತು ಜಾಹೀರಾತು ವೆಚ್ಚ, ಮೂಲದಲ್ಲಿ ಮುರಿಯುವ ತೆರಿಗೆ ಇವೆಲ್ಲವನ್ನೂ ಹಿಡಿದುಕೊಂಡು ಉಳಿದ ಹಣವನ್ನಷ್ಟೇ ಜಮೆ ಮಾಡುತ್ತದೆ; ಹಾಗೆ ಹಿಡಿದುಕೊಂಡದ್ದು 24 ಲಕ್ಷ. ವಿತರಕರಿಂದ ಬರಬೇಕಾದ ಬಾಕಿ ವರ್ಷದ ಆರಂಭಕ್ಕಿಂತ 17 ಲಕ್ಷ ಹೆಚ್ಚಾಗಿದೆ. ಜಿಎಸ್‌ಟಿ ಸೇರಿದ 1.86 ಕೋಟಿಯಿಂದ ಈ ಎರಡನ್ನು ಕಳೆದರೆ 1.45 ಕೋಟಿ ಸರಿಯಾಗಿ ಬರುತ್ತದೆ. ಒಂದು ಎಚ್ಚರಿಕೆ ಬೇಕು: ನಿರ್ದೇಶಕರು ಕಷ್ಟಕಾಲದಲ್ಲಿ ಕಂಪನಿಯ ಖಾತೆಗೆ ಹಾಕಿದ ಸ್ವಂತ ಹಣ ಗ್ರಾಹಕರ ಜಮೆಗಳೊಡನೆ ಬೆರೆತುಹೋಗಿರಬಾರದು. ಬ್ಯಾಂಕ್ ಸ್ಟೇಟ್‌ಮೆಂಟಿನ ಪ್ರತಿ ದೊಡ್ಡ ಜಮೆಯ ಎದುರು ಯಾರ ಹಣ, ಯಾಕೆ ಬಂತು ಎಂದು ಬರೆಯಿರಿ.

ಈ ಮೂರು ತಾಳೆಗಳನ್ನು ಒಂದೇ ಪುಟದಲ್ಲಿ ಬರೆದು, ಪ್ರತಿ ಸಾಲಿನ ಎದುರು ಅದರ ಕಾಗದ ಎಲ್ಲಿದೆಯೆಂದು ನಮೂದಿಸಿ, ನಿಮ್ಮ ಚಾರ್ಟರ್ಡ್ ಅಕೌಂಟೆಂಟ್ ಅವರಿಂದ ನೋಡಿಸಿ. ಆಮೇಲೆ ಯೋಜನೆಯನ್ನೇ ತಿದ್ದಿ: “ಆದಾಯ 1.77 ಕೋಟಿ, ಎಂಆರ್‌ಪಿ ಲೆಕ್ಕದಲ್ಲಿ ರವಾನೆಯಾದ ಸರಕು 2.40 ಕೋಟಿ.” ಎರಡನ್ನೂ ಹೇಳುವುದರಲ್ಲಿ ತಪ್ಪಿಲ್ಲ, ಒಂದರ ಹೆಸರನ್ನು ಇನ್ನೊಂದಕ್ಕೆ ಇಡುವುದು ಮಾತ್ರ ತಪ್ಪು. ಕಂಪನಿಯ ಬೆಲೆಯನ್ನು ಆದಾಯದ ಇಷ್ಟು ಪಟ್ಟು ಎಂದು ನಿಗದಿಪಡಿಸಿದ್ದರಂತೂ 63 ಲಕ್ಷದ ಈ ಅಂತರ ನೇರವಾಗಿ ಬೆಲೆಯ ಮೇಲೆಯೇ ಬೀಳುತ್ತದೆ. ಮಾತುಕತೆಯ ಆರಂಭದಲ್ಲಿ ಚಿಕ್ಕ ಅಂಕಿಯನ್ನು ಹೇಳಿ ಕಳೆದುಕೊಳ್ಳುವುದಕ್ಕಿಂತ ಕೊನೆಯಲ್ಲಿ ಅದು ಬಯಲಾದಾಗ ಕಳೆದುಕೊಳ್ಳುವುದೇ ಹೆಚ್ಚೆಂಬುದು ನನ್ನ ಅಭಿಪ್ರಾಯ.

ಮೂರನೆಯ ಹಂತ: ಶೇಕಡವಾರಿನ ಹಿಂದಿನ ಎಣಿಕೆ

“ನಮ್ಮ ಗ್ರಾಹಕರಲ್ಲಿ ಶೇಕಡ 60 ಮಂದಿ ಮತ್ತೆ ಕೊಳ್ಳುತ್ತಾರೆ” ಎಂಬ ಹೇಳಿಕೆಯೂ ಯೋಜನೆಯಲ್ಲಿದೆ. ಇಂಥ ವಾಕ್ಯ ಕಂಡಾಗ ಅನುಭವಿ ಹೂಡಿಕೆದಾರರು ಅಂಕಿಯ ಬಗ್ಗೆ ತಕರಾರು ಎತ್ತುವುದಿಲ್ಲ, ಯಾವುದನ್ನು ಯಾವುದರಿಂದ ಭಾಗಿಸಿದಿರಿ ಎಂದಷ್ಟೇ ಕೇಳುತ್ತಾರೆ. ಕಂಪನಿಯ ಸ್ವಂತ ಜಾಲತಾಣದಲ್ಲಿ ವರ್ಷಕ್ಕೆ 6,000 ಆರ್ಡರ್‌ಗಳು ಬಂದಿದ್ದವು. ಅವುಗಳಲ್ಲಿ 2,400 ಹೊಸಬರ ಮೊದಲ ಆರ್ಡರ್‌ಗಳು, ಉಳಿದ 3,600 ಮೊದಲೇ ಒಮ್ಮೆ ಕೊಂಡವರವು. ಶೇಕಡ 60 ಬಂದದ್ದು ಹೀಗೆ. ಆದರೆ ಅದು ಆರ್ಡರ್‌ಗಳ ಪಾಲು, ಗ್ರಾಹಕರ ಪಾಲಲ್ಲ. ತಿಂಗಳಿಗೊಮ್ಮೆ ತಪ್ಪದೆ ತರಿಸುವ ಕೆಲವೇ ನೂರು ಮನೆಗಳಿದ್ದರೂ ಈ ಅಂಕಿ ಮೇಲೇರುತ್ತದೆ. ಆ ವರ್ಷ ಹೊಸದಾಗಿ ಬಂದ 2,400 ಮಂದಿಯಲ್ಲಿ ಮೊದಲ ಖರೀದಿಯ 180 ದಿನಗಳೊಳಗೆ ಮತ್ತೊಮ್ಮೆ ಕೊಂಡವರು 650 ಮಂದಿ, ಅಂದರೆ ಶೇಕಡ 27.

ಈ ಎರಡನೆಯ ಎಣಿಕೆಯನ್ನು ಮಾಡಲು ಜಾಲತಾಣದ ಆರ್ಡರ್ ಪಟ್ಟಿಯನ್ನು ಪೂರ್ತಿಯಾಗಿ ಇಳಿಸಿಕೊಂಡು, ಒಬ್ಬ ಗ್ರಾಹಕರಿಗೆ ಒಂದೇ ಗುರುತು ಬರುವಂತೆ ಮೊಬೈಲ್ ಸಂಖ್ಯೆಯ ಮೇಲೆ ಗುಂಪು ಮಾಡಿ, ಮನೆಯವರ ಹಾಗೂ ನೌಕರರ ಆರ್ಡರ್‌ಗಳನ್ನೂ ಪರೀಕ್ಷೆಗಾಗಿ ಹಾಕಿದ ಆರ್ಡರ್‌ಗಳನ್ನೂ ತೆಗೆದುಹಾಕಬೇಕು. 180 ದಿನಗಳು ಇನ್ನೂ ಪೂರ್ತಿಯಾಗದ ಗ್ರಾಹಕರನ್ನು ಸೇರಿಸಿಕೊಂಡರೆ ಫಲಿತಾಂಶ ತಪ್ಪಾಗುತ್ತದೆ. ಮಾರ್ಚ್‌ವರೆಗಿನ ಗ್ರಾಹಕರ ಎಣಿಕೆಯನ್ನು ಅಕ್ಟೋಬರಿಗಿಂತ ಮುಂಚೆ ಮಾಡಬಾರದು. ಆನ್‌ಲೈನ್ ಮಾರಾಟತಾಣದ ಮೂಲಕ ಕೊಂಡವರು ಮರಳಿ ಬಂದರೆಂಬ ಮಾತನ್ನು, ಅವರ ಗುರುತು ನಿಮ್ಮ ಕೈಗೆ ಬಾರದಿದ್ದರೆ, ಯೋಜನೆಯಿಂದ ಕೈಬಿಡುವುದೇ ಸರಿ. ಹೂಡಿಕೆದಾರರಿಗೆ ಪಟ್ಟಿಯನ್ನು ಕೊಡುವಾಗ ಹೆಸರು, ವಿಳಾಸ, ಮೊಬೈಲ್ ಸಂಖ್ಯೆಗಳನ್ನು ತೆಗೆದು ಕ್ರಮಸಂಖ್ಯೆಗಳನ್ನು ಹಾಕಿ. ಅವರಿಗೆ ಬೇಕಾದದ್ದು ಎಣಿಕೆ. ಗ್ರಾಹಕರ ಖಾಸಗಿ ವಿವರವನ್ನು ಹಂಚಲು ನಿಮಗೂ ಹಕ್ಕಿಲ್ಲ.

ನಾಲ್ಕನೆಯ ಹಂತ: ಮುಂದಿನ ವರ್ಷದ ಅಂಕಿಯನ್ನು ಯಂತ್ರದ ಮುಂದೆ ನಿಲ್ಲಿಸುವುದು

ಭವಿಷ್ಯದ ಮಾತಿಗೆ ಕಾಗದದ ಆಧಾರ ಇರುವುದಿಲ್ಲ. ಆದರೆ ಅದರೊಳಗಿನ ಊಹೆಗಳು ಒಂದಕ್ಕೊಂದು ಹೊಂದಬೇಕು. ಮುಂದಿನ ವರ್ಷ ಎಂಆರ್‌ಪಿ ಲೆಕ್ಕದಲ್ಲಿ 6 ಕೋಟಿಯ ಸರಕು ಹೊರಡುತ್ತದೆಂದು ಯೋಜನೆ ಹೇಳುತ್ತದೆ. ಅರ್ಧ ಕಿಲೋ ಪೊಟ್ಟಣದ ಎಂಆರ್‌ಪಿ 150 ರೂಪಾಯಿಯಾದರೆ ಅದು ನಾಲ್ಕು ಲಕ್ಷ ಪೊಟ್ಟಣ, ಅಂದರೆ 200 ಟನ್. ಈಗಿನ ಹುರಿಯುವ ಯಂತ್ರ ಒಂದು ಪಾಳಿಗೆ 300 ಕಿಲೋ ಮಾಡುತ್ತದೆ. ತಿಂಗಳಿಗೆ 25 ದಿನದಂತೆ ವರ್ಷಕ್ಕೆ 90 ಟನ್. ಎರಡು ಪಾಳಿ ನಡೆಸಿದರೂ 180 ಟನ್ ದಾಟುವುದಿಲ್ಲ. ಹಾಗಾದರೆ ಎರಡನೆಯ ಯಂತ್ರ ಬೇಕು. ಅದರ ಖರೀದಿ ಯೋಜನೆಯ ಖರ್ಚಿನ ಪುಟದಲ್ಲಿ ಇದೆಯೇ, ಮಾರಾಟಗಾರರ ದರಪಟ್ಟಿ ಕೈಯಲ್ಲಿದೆಯೇ, ಬೆಸ್ಕಾಂ ಮಂಜೂರು ಮಾಡಿದ ವಿದ್ಯುತ್ ಲೋಡ್ ಅದಕ್ಕೆ ಸಾಲುತ್ತದೆಯೇ ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ನಮ್ಮ ಕಂಪನಿಯ ಖರ್ಚಿನ ಪುಟದಲ್ಲಿ ಜಾಹೀರಾತಿಗೆ 70 ಲಕ್ಷ ಇತ್ತು, ಯಂತ್ರಕ್ಕೆ ಒಂದು ರೂಪಾಯಿಯೂ ಇರಲಿಲ್ಲ.

ಐದನೆಯ ಹಂತ: ಒಪ್ಪಂದ, ಹೆಸರು, ಪರವಾನಗಿ

“ಮೂರು ಸೂಪರ್‌ಮಾರ್ಕೆಟ್ ಸರಣಿಗಳೊಂದಿಗೆ ಒಪ್ಪಂದವಾಗಿದೆ” ಎಂದು ಬರೆದಿದ್ದರೆ ಆ ಮೂರರ ಕಾಗದಗಳನ್ನೂ ಹರಡಿ ನೋಡಿ. ಒಂದು ಆಸಕ್ತಿ ವ್ಯಕ್ತಪಡಿಸಿದ ಇಮೇಲ್ ಇರಬಹುದು, ಇನ್ನೊಂದು ಪೂರೈಕೆದಾರರಾಗಿ ನೋಂದಾಯಿಸಿಕೊಂಡ ಪತ್ರ ಇರಬಹುದು, ನಿಜವಾದ ಖರೀದಿ ಆದೇಶ ಬಂದಿರುವುದು ಒಂದರಿಂದ ಮಾತ್ರ ಇರಬಹುದು. ಹಾಗಿದ್ದರೆ ಯೋಜನೆಯಲ್ಲೂ ಹಾಗೆಯೇ ಬರೆಯಿರಿ. ಮಾರಾಟವಾಗದ ಸರಕನ್ನು ನಿಮ್ಮ ಖರ್ಚಿನಲ್ಲೇ ಹಿಂದಕ್ಕೆ ತೆಗೆದುಕೊಳ್ಳಬೇಕೆಂಬ ಷರತ್ತು ಆ ಆದೇಶದಲ್ಲಿದೆಯೇ ಎಂದು ಹುಡುಕಿ, ಏಕೆಂದರೆ ಹೂಡಿಕೆದಾರರ ವಕೀಲರು ಮೊದಲು ಹುಡುಕುವುದು ಅದನ್ನೇ.

ಬ್ರ್ಯಾಂಡಿನ ಹೆಸರು ಯಾರದು ಎಂಬ ಪ್ರಶ್ನೆ ಸ್ವಂತ ವ್ಯವಹಾರದಿಂದ ಕಂಪನಿಯಾಗಿ ಬೆಳೆದವರನ್ನು ಹೆಚ್ಚಾಗಿ ಕಾಡುತ್ತದೆ. ಹೆಸರಿನ ಟ್ರೇಡ್‌ಮಾರ್ಕ್ ಅರ್ಜಿಯನ್ನು ಸ್ಥಾಪಕರು ಅಂದು ತಮ್ಮ ಹೆಸರಿನಲ್ಲೇ ಹಾಕಿರುತ್ತಾರೆ. ಆಮೇಲೆ ಕಂಪನಿ ಹುಟ್ಟಿದರೂ ಹೆಸರು ಅವರ ಬಳಿಯೇ ಉಳಿದಿರುತ್ತದೆ. ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಜಾಲತಾಣದಲ್ಲಿ ಅರ್ಜಿಯ ಸ್ಥಿತಿಯನ್ನು ಯಾರು ಬೇಕಾದರೂ ನೋಡಬಹುದಾದ್ದರಿಂದ ಇದನ್ನು ಮುಚ್ಚಿಡುವಂತಿಲ್ಲ. ಹೆಸರನ್ನು ಕಂಪನಿಗೆ ವರ್ಗಾಯಿಸುವ ಪತ್ರವನ್ನು ಮಾಡಿಸಿ ಕಚೇರಿಯಲ್ಲಿ ದಾಖಲಿಸಲು ಅರ್ಜಿ ಹಾಕಿ. ಅರ್ಜಿ ಇನ್ನೂ ಪರಿಶೀಲನೆಯಲ್ಲಿದ್ದರೆ “ನೋಂದಾಯಿತ” ಎಂಬ ಪದವನ್ನೂ ವೃತ್ತದೊಳಗಿನ ಆರ್ ಚಿಹ್ನೆಯನ್ನೂ ಯೋಜನೆಯಿಂದಲೂ ಪೊಟ್ಟಣದಿಂದಲೂ ತೆಗೆಯಬೇಕು. ನೋಂದಣಿಯಾಗದ ಗುರುತನ್ನು ನೋಂದಾಯಿತವೆಂದು ಸಾರುವುದು ಟ್ರೇಡ್‌ಮಾರ್ಕ್ ಕಾಯ್ದೆಗೆ ವಿರುದ್ಧ.

ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಪರವಾನಗಿಯದೂ ಇದೇ ಕಥೆ. ಸ್ವಂತ ವ್ಯವಹಾರದ ಹೆಸರಿನಲ್ಲಿದ್ದ ಪರವಾನಗಿ ಕಂಪನಿಗೆ ತಾನಾಗಿ ಬರುವುದಿಲ್ಲ. ಕಂಪನಿ ತನ್ನದೇ ಪರವಾನಗಿ ಪಡೆದಿದೆಯೇ, ಪೊಟ್ಟಣದ ಮೇಲೆ ಮುದ್ರಿಸಿದ 14 ಅಂಕಿಗಳ ಸಂಖ್ಯೆ ಅದರದ್ದೇ ಹೌದೇ ಎಂದು ನೋಡಿ. ಮುದ್ರಿಸಿಟ್ಟ ಹಳೆಯ ಪೊಟ್ಟಣಗಳನ್ನು ಮುಗಿಸಿಬಿಡೋಣವೆಂಬ ಆಸೆಯಿಂದ ಹಳೆಯ ಸಂಖ್ಯೆಯೇ ಮುಂದುವರಿದಿರುವುದುಂಟು.

ಆರನೆಯ ಹಂತ: ಚಿಕ್ಕಪ್ಪನ ಐದು ಲಕ್ಷ

ಸಣ್ಣ ಕಂಪನಿಗಳ ಪರಿಶೀಲನೆ ಎಡವುವುದು ಬಹುಮಟ್ಟಿಗೆ ಷೇರುಗಳ ದಾಖಲೆಯಲ್ಲಿ. ನಮ್ಮ ಉದಾಹರಣೆಯಲ್ಲಿ, ಎರಡು ವರ್ಷಗಳ ಹಿಂದೆ ಸ್ಥಾಪಕರ ಚಿಕ್ಕಪ್ಪ ಷೇರಿಗಾಗಿ ಐದು ಲಕ್ಷ ಕೊಟ್ಟಿದ್ದರು. ಹಣ ಖಾತೆಗೆ ಬಂತು, ಖರ್ಚೂ ಆಯಿತು. ಷೇರು ಮಾತ್ರ ಕೊಡಲಿಲ್ಲ. ಯೋಜನೆಯ ಷೇರುದಾರರ ಪಟ್ಟಿಯಲ್ಲಿ ಅವರಿಗೆ ಶೇಕಡ 4 ಎಂದಿದೆ, ಲೆಕ್ಕಪತ್ರದಲ್ಲಿ ಅದು “ಷೇರು ಅರ್ಜಿ ಹಣ” ಎಂದೇ ಉಳಿದಿದೆ, ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಅವರ ಹೆಸರೇ ಇಲ್ಲ. ಶುಲ್ಕ ಕಟ್ಟಿ ಆ ಪೋರ್ಟಲ್‌ನ ದಾಖಲೆಗಳನ್ನು ನೋಡುವುದು ಹೂಡಿಕೆದಾರರ ಮೊದಲ ಕೆಲಸಗಳಲ್ಲೊಂದು.

2013ರ ಕಂಪನಿ ಕಾಯ್ದೆಯ 42ನೆಯ ಕಲಮಿನ ಪ್ರಕಾರ, ಖಾಸಗಿಯಾಗಿ ಷೇರು ಕೊಡುವಾಗ ಹಣ ಬಂದ 60 ದಿನಗಳೊಳಗೆ ಷೇರು ಹಂಚಬೇಕು. ಆಗದಿದ್ದರೆ ಮುಂದಿನ 15 ದಿನಗಳಲ್ಲಿ ಹಣ ಹಿಂದಿರುಗಿಸಬೇಕು. ಅದೂ ಆಗದಿದ್ದರೆ 60ನೆಯ ದಿನ ಮುಗಿದಲ್ಲಿಂದ ವಾರ್ಷಿಕ ಶೇಕಡ 12ರಂತೆ ಬಡ್ಡಿ ಸೇರಿಸಿ ಕೊಡಬೇಕು. ಹಂಚಿಕೆಯಾದ 15 ದಿನಗಳೊಳಗೆ ಹಂಚಿಕೆಯ ವಿವರ ತಿಳಿಸುವ ಪಿಎಎಸ್-3 ನಮೂನೆಯನ್ನು ಸಲ್ಲಿಸಬೇಕು, ಅಲ್ಲಿಯವರೆಗೆ ಆ ಹಣವನ್ನು ಬಳಸುವಂತಿಲ್ಲ. ಗಡುವಿನಲ್ಲಿ ಹಂಚದೆ, ಹಿಂದಿರುಗಿಸದೆ ಉಳಿಸಿಕೊಂಡ ಹಣವನ್ನು ಠೇವಣಿಯೆಂದು ಪರಿಗಣಿಸುವ ನಿಯಮವೂ ಇದೆ. ಇಂಥಲ್ಲಿ ಹಿಂದಿನ ತಾರೀಖು ಹಾಕಿ ನಿರ್ಣಯ ಪತ್ರ ಸೃಷ್ಟಿಸುವ ಸಲಹೆ ಯಾರಿಂದ ಬಂದರೂ ಕೇಳಬೇಡಿ. ಅಂದಿನ ತಪ್ಪು ಇಂದಿನ ಸುಳ್ಳಾಗುತ್ತದೆ, ಪೋರ್ಟಲ್‌ಗೆ ಸಲ್ಲಿಸಿದ ದಿನವೋ ಅಳಿಸಲಾಗದಂತೆ ದಾಖಲಾಗಿರುತ್ತದೆ. ಕಂಪನಿ ಸೆಕ್ರೆಟರಿಯೊಬ್ಬರ ಸಲಹೆ ಪಡೆದು, ಹಣವನ್ನು ಬಡ್ಡಿಯೊಡನೆ ಹಿಂದಿರುಗಿಸಿ, ಚಿಕ್ಕಪ್ಪನವರಿಗೆ ಇಷ್ಟವಿದ್ದರೆ ಹೊಸದಾಗಿ ಕ್ರಮಬದ್ಧವಾಗಿ ಷೇರು ಕೊಡುವುದು, ಆದ ಲೋಪಕ್ಕೆ ದಂಡವಿದ್ದರೆ ಅದನ್ನು ಎದುರಿಸುವುದು ನೇರ ದಾರಿ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಹೂಡಿಕೆದಾರರನ್ನು ಹುಡುಕುವ ಮೊದಲೇ ಶುರು ಮಾಡಬೇಕಾದ ಕೆಲಸ ಇದೊಂದೇ ಎಂದರೂ ಸರಿ.

ಏಳನೆಯ ಹಂತ: ಕಡತಗಳ ಜೋಡಣೆ ಮತ್ತು ಉತ್ತರ

ಕಾಗದಗಳನ್ನು ಆನ್‌ಲೈನ್ ಫೋಲ್ಡರಿನಲ್ಲಿ ಜೋಡಿಸುವುದಕ್ಕೆ ದುಬಾರಿ ವ್ಯವಸ್ಥೆಯೇನೂ ಬೇಡ. ಓದಲು ಮಾತ್ರ ಅನುಮತಿ ಇರಬೇಕು, ಯಾರು ತೆರೆದರೆಂಬುದು ತಿಳಿಯಬೇಕು. ಕಡತದ ಹೆಸರನ್ನು ನೋಡಿದರೆ ಒಳಗೇನಿದೆ, ಯಾವ ಅವಧಿಯದು, ಅಂತಿಮವೇ ತಾತ್ಕಾಲಿಕವೇ ಎಂಬುದು ಗೊತ್ತಾಗಬೇಕು:

```
02_Finance/2024-25_Audited_PL.pdf
02_Finance/2025-26_Provisional_Apr-Sep.xlsx
03_GST/2024-25_KA_GSTR-3B_Apr-Mar.pdf
03_GST/2024-25_TN_GSTR-3B_Apr-Mar.pdf
```

ಎಲ್ಲವನ್ನೂ ಒಮ್ಮೆಗೇ ತೆರೆದಿಡಬೇಕಿಲ್ಲ. ಟರ್ಮ್ ಶೀಟ್‌ಗೆ ಮುಂಚೆ ಲೆಕ್ಕಪತ್ರ, ತಾಳೆಯ ಪುಟ ಮತ್ತು ಷೇರುದಾರರ ಪಟ್ಟಿ ಸಾಕು. ಗೋಪ್ಯತೆಯ ಷರತ್ತಿಗೆ ಸಹಿಯಾದ ಮೇಲೆ ಒಪ್ಪಂದಗಳು, ನೌಕರರ ಪತ್ರಗಳು. ಹಿಟ್ಟಿನ ಮಿಶ್ರಣದ ಪ್ರಮಾಣವನ್ನು ಯಾವ ಹಂತದಲ್ಲೂ ಕೊಡಬೇಕಾದ ಅಗತ್ಯ ನನಗೆ ಕಾಣದು. ಅದರ ಮೇಲಿನ ಹಕ್ಕು ಕಂಪನಿಯದೆಂದು ತೋರಿಸಿದರೆ ಸಾಲುತ್ತದೆ. ಒಪ್ಪಂದವನ್ನು ಮೂರನೆಯವರಿಗೆ ತೋರಿಸಬಾರದೆಂಬ ಷರತ್ತು ಅದರಲ್ಲೇ ಇದ್ದರೆ ಆ ಪಕ್ಷದವರ ಅನುಮತಿಯನ್ನು ಮೊದಲು ಕೇಳಬೇಕು.

ಉತ್ತರಿಸುವವರು ಒಬ್ಬರೇ ಇರಲಿ. ಪ್ರತಿ ಪ್ರಶ್ನೆಯನ್ನೂ ತಾರೀಖಿನೊಡನೆ ಒಂದು ಹಾಳೆಯಲ್ಲಿ ಬರೆದು, ಕೊಟ್ಟ ಉತ್ತರವನ್ನೂ ತೋರಿಸಿದ ಕಡತವನ್ನೂ ಎದುರಿಗೆ ನಮೂದಿಸಿ. ಫೋನಿನಲ್ಲಿ ಹೇಳಿದ್ದನ್ನು ಅದೇ ದಿನ ಇಮೇಲ್ ಮಾಡಿ. ಗೊತ್ತಿಲ್ಲದ್ದಕ್ಕೆ ಅಂದಾಜು ಅಂಕಿ ಹೇಳುವ ಬದಲು ಯಾವ ದಿನ ತಿಳಿಸುತ್ತೀರೆಂದು ಹೇಳಿ.

ಈ ಹಾಳೆಗೆ ಕೊನೆಯಲ್ಲಿ ಇನ್ನೊಂದು ಉಪಯೋಗವಿದೆ. ಹೂಡಿಕೆ ಒಪ್ಪಂದದಲ್ಲಿ ಸ್ಥಾಪಕರು “ಲೆಕ್ಕಪತ್ರ ಸರಿಯಿದೆ, ತೆರಿಗೆ ಬಾಕಿ ಇಲ್ಲ, ಬ್ರ್ಯಾಂಡ್ ಕಂಪನಿಯದೇ” ಎಂಬಂಥ ಹತ್ತಾರು ಖಾತ್ರಿಗಳಿಗೆ ಸಹಿ ಹಾಕಬೇಕಾಗುತ್ತದೆ, ಅವು ತಪ್ಪಾದರೆ ನಷ್ಟ ಕಟ್ಟಿಕೊಡುವ ಹೊಣೆ ಅವರ ಮೇಲೆ ಬರುತ್ತದೆ. ಈ ಖಾತ್ರಿಗಳಿಗೆ ಅಪವಾದಗಳನ್ನು ಬರೆದುಕೊಡುವ ಡಿಸ್‌ಕ್ಲೋಷರ್ ಪತ್ರ ಒಪ್ಪಂದದೊಡನೆ ಇರುತ್ತದೆ; ಅದರಲ್ಲಿ ಸ್ಪಷ್ಟವಾಗಿ ತಿಳಿಸಿದ ಸಂಗತಿಯ ಬಗ್ಗೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಆಮೇಲೆ ಸ್ಥಾಪಕರನ್ನು ಹೊಣೆ ಮಾಡಲು ಬರುವುದಿಲ್ಲ. “ಕಂಪನಿಯ ಎಲ್ಲ ದಾಖಲೆಗಳನ್ನೂ ತೋರಿಸಲಾಗಿದೆ” ಎಂಬ ಒಟ್ಟಾರೆ ವಾಕ್ಯವನ್ನು ಹೂಡಿಕೆದಾರರ ವಕೀಲರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮೂರು ತಾಳೆಗಳ ಪುಟ, ಬ್ರ್ಯಾಂಡ್ ವರ್ಗಾವಣೆಯ ಅರ್ಜಿಯ ಸಂಖ್ಯೆ, ಚಿಕ್ಕಪ್ಪನವರ ಹಣ ಬಂದ ಮತ್ತು ಹಿಂದಿರುಗಿದ ತಾರೀಖುಗಳು, ಹಳೆಯ ಪರವಾನಗಿ ಸಂಖ್ಯೆಯ ಪೊಟ್ಟಣಗಳು ಎಂದಿನವರೆಗೆ ಮಾರಾಟವಾದವೆಂಬ ವಿವರ ಇವೆಲ್ಲ ಆ ಪತ್ರದಲ್ಲಿ ಒಂದೊಂದಾಗಿ, ಯಾವ ಖಾತ್ರಿಗೆ ಸಂಬಂಧಿಸಿದ್ದೆಂಬ ಕಲಮಿನ ಸಂಖ್ಯೆಯೊಡನೆ ಬರಬೇಕು.